ಹನ್ನೊಂದೂವರೆಯ ಫೋನು

ಮಾತ್ರೆ ಪ್ಯಾಕ್ ಮಾಡುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಭೂತಕನ್ನಡಿ ಎಂದೇ ಕರೆಯುತ್ತಿದ್ದರು. ಸ್ಟ್ರಿಪ್ಪಿನ ಹಿಂಬದಿಯ ತಾರೀಖಿನಲ್ಲಿ ಒಂದು ಅಂಕಿ ಕೂದಲೆಳೆಯಷ್ಟು ಮಸುಕಾದರೂ ಅವಳ ಕಣ್ಣು ತಪ್ಪಿಸಿ ಹೋಗುವಂತಿರಲಿಲ್ಲ. ಏಳು ವರ್ಷದಿಂದ ಅದೇ ತಪಾಸಣೆ, ಅದೇ ಮೇಜು. ಮೇಲಿನ ಹುದ್ದೆಯಲ್ಲಿದ್ದವರು ಕಲ್ಲುಗುಂಡಿನ ಹಾಗೆ ಕದಲದೆ ಕೂತಿದ್ದರು. ಹಾಗಾಗಿ ಒಂದು ದಿನ ಮನಸ್ಸು ಗಟ್ಟಿ ಮಾಡಿ ಉದ್ಯೋಗದ ವೆಬ್‌ಸೈಟಿನಲ್ಲಿ ತನ್ನ ವಿವರ ಹಾಕಿದಳು. ಜೊತೆಯಲ್ಲೇ ವಾಸವಿದ್ದ ತಂಗಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ.

ಸೋಮವಾರ ಊಟದ ಬಿಡುವಿನಲ್ಲಿ ಲಾಕರ್ ತೆಗೆದರೆ ಮೊಬೈಲಿನಲ್ಲಿ ಸಂದೇಶ ಕಾದಿತ್ತು. ಕಂಪನಿಗಳಿಗೆ ಜನ ಹುಡುಕಿಕೊಡುವವನೊಬ್ಬ ಬರೆದಿದ್ದ: ‘ಕ್ವಾಲಿಟಿ ಸೂಪರ್‌ವೈಸರ್ ಹುದ್ದೆಯೊಂದಿದೆ. ನಾಳೆ ಹನ್ನೊಂದೂವರೆಗೆ ಫೋನ್ ಮಾಡಲೇ? ಹತ್ತು ನಿಮಿಷ ಸಾಕು.’

ಅವಳ ಎದೆ ಹಿಗ್ಗಿ ಅಲ್ಲೇ ಕುಗ್ಗಿತು. ಹನ್ನೊಂದೂವರೆಗೆ ಅವಳು ಟೋಪಿ, ಮಾಸ್ಕು ಹಾಕಿಕೊಂಡು ಪ್ಯಾಕಿಂಗ್ ಕೋಣೆಯಲ್ಲಿರುತ್ತಾಳೆ. ಒಳಗೆ ಮೊಬೈಲ್ ಒಯ್ಯುವಂತಿಲ್ಲ.

ಸಂಜೆ ಮನೆಯಲ್ಲಿ ಕೂತು ಉತ್ತರ ಬರೆದಳು. ತಂಗಿಗೆ ಹೋಟೆಲೊಂದರ ರಿಸೆಪ್ಷನ್ನಿನಲ್ಲಿ ಕೆಲಸ. ರೂಮಿಲ್ಲ ಎಂಬುದನ್ನು ದಿನವಿಡೀ ನಯವಾಗಿ ಹೇಳುವುದೇ ಅವಳ ಕಸುಬು. ‘ಮಾನ್ಯರೇ, ತಮ್ಮ ಅಮೂಲ್ಯ ಸಮಯಕ್ಕೆ ಅಡ್ಡಿಪಡಿಸುತ್ತಿರುವುದಕ್ಕೆ’ ಎನ್ನುವಷ್ಟು ಓದಿ ತಂಗಿ ನಕ್ಕಳು.

“ಅಕ್ಕಾ, ಇದೇನು ರಜಾ ಅರ್ಜಿನಾ? ಯಾವ ತಪ್ಪು ಮಾಡಿದೀಯ ಅಂತ ಇಷ್ಟು ಅಂಗಲಾಚ್ತಿದೀಯ?”

“ಬೇಜಾರು ಮಾಡ್ಕೊಂಡು ಬಿಟ್ಟುಬಿಟ್ರೆ?”

“ಅವ್ರಿಗೂ ಜನ ಬೇಕು ತಾನೇ? ಯಾವಾಗ ಆಗಲ್ಲ ಅಂತ ಒಂದು ಮಾತು, ಯಾವಾಗ ಆಗುತ್ತೆ ಅಂತ ಒಂದು ಮಾತು. ಅಷ್ಟೇ.”

ತಂಗಿ ಪುರಾಣವನ್ನೆಲ್ಲ ಕತ್ತರಿಸಿ ನಾಲ್ಕು ಸಾಲಿಗೆ ಇಳಿಸಿದಳು: ‘ಈ ಹುದ್ದೆಯಲ್ಲಿ ಆಸಕ್ತಿಯಿದೆ. ಸದ್ಯ ಕೆಲಸದಲ್ಲಿರುವುದರಿಂದ ಡ್ಯೂಟಿ ವೇಳೆಯಲ್ಲಿ ಮಾತಾಡಲಾಗದು. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದೂಮುಕ್ಕಾಲರ ನಂತರ ಆಗಬಹುದು. ಹುದ್ದೆಯ ವಿವರ ಮೇಲ್ ಮಾಡಿ, ವಿಷಯ ನಮ್ಮಲ್ಲೇ ಇರಲಿ.’

ಅವಳು ಒಪ್ಪಿದಳು. ಆದರೆ ತಂಗಿ ಅತ್ತ ತಿರುಗಿದ್ದೇ ತಡ, ಕೈ ಸುಮ್ಮನಿರಲಿಲ್ಲ. ‘ನಿಮಗೆ ಕಷ್ಟವಾದರೆ ಹನ್ನೊಂದೂವರೆಗೂ ನೋಡೋಣ’ ಎಂದು ಬಾಲ ಅಂಟಿಸಿ ಕಳಿಸಿಬಿಟ್ಟಳು.

ಆಸಾಮಿ ಬಾಲವನ್ನೇ ಹಿಡಿದ. ಮರುದಿನ ಅವಳು ಲಾಕರ್ ಮುಚ್ಚಿ ಒಳಗೆ ಹೋದ ಮೇಲೆ ‘ಹಾಗಾದರೆ ಹನ್ನೊಂದೂವರೆಗೇ’ ಎಂಬ ಉತ್ತರ ಬಂತು. ಸರಿಯಾಗಿ ಹನ್ನೊಂದೂವರೆಗೆ ಲಾಕರಿನೊಳಗೆ ಫೋನು ಹೊಡೆದುಕೊಳ್ಳತೊಡಗಿತು. ಒಂದಲ್ಲ, ಮೂರು ಸಲ. ಯಾರ ಮನೆಯಲ್ಲೋ ಏನೋ ಆಗಿರಬೇಕೆಂದು ಗಾಬರಿಯಾದ ವಾಚ್‌ಮನ್ ಲಾಕರಿನ ನಂಬರು ನೋಡಿಕೊಂಡು ಮ್ಯಾನೇಜರಿಗೆ ಹೇಳಿದ. ಮ್ಯಾನೇಜರ್ ಒಳ್ಳೆಯ ಮನುಷ್ಯರು. ಖುದ್ದಾಗಿ ಅವಳನ್ನು ಕರೆಸಿ ಲಾಕರಿನ ತನಕ ಜೊತೆಗೆ ಬಂದರು.

“ನೋಡಮ್ಮ, ಮನೇಲಿ ಏನಾಯ್ತೋ. ಬೇಕಾದ್ರೆ ಅರ್ಧ ದಿನ ರಜಾ ತಗೊಂಡು ಹೊರಡು.”

ಅವಳು ಪರದೆ ನೋಡಿದಳು. ಮೂರೂ ಕರೆ ಆ ಆಸಾಮಿಯದೇ. ಸುಳ್ಳು ಹೇಳೋಣವೆಂದರೆ ಆ ಮುಖದ ಕಾಳಜಿ ನೋಡಿ ನಾಲಿಗೆ ಏಳಲಿಲ್ಲ.

“ಮನೆಯಿಂದಲ್ಲ ಸಾರ್. ಬೇರೆ ಕೆಲಸದ ವಿಷಯ. ಸಂಜೆ ಮಾತಾಡ್ತೀನಿ.”

“ಅಷ್ಟೇ ತಾನೇ? ಬೇರೆ ಕೆಲಸ ಯಾರಿಗಿರಲ್ಲ ಹೇಳು,” ಎಂದು ಅವರು ನಿರಾಳವಾಗಿ ಹೊರಟುಹೋದರು. ಅವಳು ಆಡಿದ್ದು ನಿಜ, ಅವರು ಕೇಳಿಸಿಕೊಂಡದ್ದು ಮಾತ್ರ ಇನ್ನೇನೋ. ನಗು ಬಂತು, ಹಿಂದೆಯೇ ಸಣ್ಣ ಮುಳ್ಳೂ ಚುಚ್ಚಿತು.

ಊಟದ ಡಬ್ಬಿ ತೆರೆಯುವ ಮೊದಲೇ ಬರೆದಳು: ‘ಫೋನ್ ತೆಗೆಯಲಾಗಲಿಲ್ಲ. ಹನ್ನೊಂದೂವರೆಗೆ ನೋಡೋಣ ಎಂದದ್ದು ನನ್ನ ತಪ್ಪು. ಡ್ಯೂಟಿಯಲ್ಲಿ ಫೋನ್ ನನ್ನ ಬಳಿ ಇರುವುದಿಲ್ಲ. ಇಂದು ಐದು ಐವತ್ತಕ್ಕೆ ಮಾಡಿ. ಆಗದಿದ್ದರೆ ಪ್ರಶ್ನೆಗಳನ್ನು ಮೇಲ್ ಮಾಡಿ, ರಾತ್ರಿಯೊಳಗೆ ಉತ್ತರಿಸುತ್ತೇನೆ.’ ಈ ಸಲ ಬಾಲವಿಲ್ಲ. ಕಳಿಸಿದ ಮೇಲೆ ಕೆಲಸ ಕೈಬಿಟ್ಟೇ ಹೋಯಿತೆಂದು ಊಟ ಸೇರಲಿಲ್ಲ.

ಎರಡು ನಿಮಿಷದಲ್ಲಿ ಉತ್ತರ ಬಂತು: ‘ಆಗಲಿ. ಐದು ಐವತ್ತು.’

ಇಷ್ಟೇನಾ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಡಬ್ಬಿಯಲ್ಲಿದ್ದುದನ್ನು ತಳ ಕಾಣುವಂತೆ ತಿಂದಳು.

ಸಂಜೆ ಜೊತೆಯವರೆಲ್ಲ ಬಸ್ಸು ಹತ್ತಿದರು. ಅವಳು ಮುಂದಿನ ಬಸ್ಸಿಗೆ ಬರುವೆನೆಂದು ಹೇಳಿ ರಸ್ತೆಯ ಆಚೆ ಬದಿಯ ಮರದಡಿ ಹೋಗಿ ನಿಂತಳು. ಫೋನು ಬಂತು. ಅವನ ಕಡೆಯೂ ಹಾರ್ನ್ ಸದ್ದು.

“ನಾನೂ ಆಫೀಸಿಂದ ಹೊರಗೆ ಬಂದೆ ಮೇಡಂ. ಬೆಳಿಗ್ಗೆ ತೊಂದರೆ ಆಯ್ತಾ?”

“ಸ್ವಲ್ಪ ಆಯ್ತು. ಇನ್ನು ಮುಂದೆ ಈ ಹೊತ್ತಿಗೇ ಮಾಡಿ. ಈಗಿನ ಕಂಪನಿಯಲ್ಲಿ ನನ್ನ ಬಗ್ಗೆ ವಿಚಾರಿಸೋದಾದ್ರೆ ಆಫರ್ ಬಂದ ಮೇಲೆ, ಅದೂ ನನ್ನನ್ನ ಕೇಳಿ.”

“ಖಂಡಿತ. ನೋಟಿಸ್ ಪೀರಿಯಡ್ ಎಷ್ಟು?”

“ಒಂದು ತಿಂಗಳು. ಅದನ್ನ ಪೂರ್ತಿ ಮುಗಿಸಿಯೇ ಬರ್ತೀನಿ.”

ಹತ್ತು ನಿಮಿಷದ ಮಾತು ಇಪ್ಪತ್ತೈದಾಯಿತು. ಸಂದರ್ಶನ ಅವಳ ರಜೆಯ ದಿನವಾದ ಶನಿವಾರಕ್ಕೇ ನಿಗದಿಯಾಯಿತು. ಮೂರು ವಾರದಲ್ಲಿ ಆಫರ್ ಲೆಟರ್ ಕೈಗೆ ಬಂತು.

ರಾಜೀನಾಮೆ ಪತ್ರವನ್ನು ಮ್ಯಾನೇಜರ್ ಎರಡು ಸಲ ಓದಿದರು. ಕನ್ನಡಕ ತೆಗೆದಿಟ್ಟು, “ಹೋಗೋದು ಹೋಗ್ತೀಯ, ನಿನ್ನ ಜಾಗಕ್ಕೆ ಬರೋಳಿಗೆ ಎಲ್ಲ ಕಲಿಸಿ ಹೋಗಮ್ಮ,” ಎಂದರು. ಮರುದಿನದಿಂದಲೇ ಅವಳು ತನ್ನ ಮೇಜಿನ ಪಕ್ಕ ಇನ್ನೊಂದು ಕುರ್ಚಿ ಹಾಕಿಸಿಕೊಂಡಳು.