ಸಿ ಫಾರಂ ಕೇಳಿದ ಕನ್ನಡ ನೋಟೀಸು

ಚಿತ್ರದುರ್ಗದ ಮಾರಾಟ ತೆರಿಗೆ ಆಫೀಸಿನ ಗುಮಾಸ್ತ ಓಬಳೇಶಪ್ಪನಿಗೆ ಇಂಗ್ಲಿಷ್ ನೋಟೀಸು ಕಂಡರೆ ಮೈಯೆಲ್ಲ ಉರಿ. ಸೆಕ್ಷನ್ನು, ಸಬ್ ಸೆಕ್ಷನ್ನು ಅಂತ ಪುಟ ತುಂಬಿಸಿ ಕಳಿಸಿದರೆ ಎಣ್ಣೆ ತೆಗೆಯುವವರಿಗೆ ಏನು ಮಣ್ಣು ತಿಳಿಯಬೇಕು? ಗಂಡ ಸತ್ತ ಮೇಲೆ ಹಿರಿಯೂರಿನಲ್ಲಿ ಕಡಲೆಕಾಯಿ ಎಣ್ಣೆ ಮಿಲ್ಲು ನಡೆಸುತ್ತಿದ್ದ ಚಂದ್ರಕ್ಕನಿಗೂ ತಿಳಿದಿರಲಿಲ್ಲ. ಎರಡು ನೋಟೀಸು ಹೋದವು, ಉತ್ತರವಿಲ್ಲ.

"ಕೊನೇದು ಕನ್ನಡದಲ್ಲೇ ಬರಿ. ಆಯಮ್ಮಂಗೆ ಅರ್ಥ ಆಗ್ಬೇಕು," ಅಂದರು ಸಾಹೇಬರು.

ಓಬಳೇಶಪ್ಪ ಕೂತು ಬರೆದ. "ರಾಯದುರ್ಗದ ಕಾಟಪ್ಪ ಅವರಿಗೆ ಎಣ್ಣೆ ಮಾರಿ, ಹೊರರಾಜ್ಯದ ಮಾರಾಟವೆಂದು ಕಡಿಮೆ ದರದ ತೆರಿಗೆ ಕಟ್ಟಿದ್ದೀರಿ. ಆ ದರ ಸಿಗಬೇಕಾದರೆ ಕೊಂಡವರು ಸಹಿ ಹಾಕಿ ಕೊಡುವ ಸಿ ಫಾರಂ ಬೇಕು. ಅದು ನಮಗೆ ಬಂದಿಲ್ಲ. ಸಿ ಫಾರಂ, ಮಾರಾಟದ ಬಿಲ್ಲು, ಲಾರಿ ರಸೀದಿಗಳನ್ನು ಸೆಪ್ಟೆಂಬರ್ ಇಪ್ಪತ್ತು, ಸೋಮವಾರ ಸಂಜೆಯೊಳಗೆ ತನ್ನಿ. ತರದಿದ್ದರೆ ಪೂರ್ತಿ ದರದ ತೆರಿಗೆ ಬೀಳುತ್ತದೆ." ಸಾಹೇಬರು ಓದಿ, ಮೇಲೆ ಸೆಕ್ಷನ್ ನಂಬರ್ ಒಂದು ಸೇರಿಸಿ ಸಹಿ ಹಾಕಿದರು.

ಶುಕ್ರವಾರ ಚಂದ್ರಕ್ಕ ಬಂದೇಬಿಟ್ಟಳು, ಜೊತೆಗೆ ಮಗಳು ನಿಂಗಕ್ಕ. ಬಿಲ್ಲು, ಲಾರಿ ರಸೀದಿ ಎಲ್ಲ ಚೀಲದಲ್ಲಿದ್ದವು.

"ಕುಂತ್ಕಳ್ರಿ. ಯಾರು ಓದಿದ್ರು?"

"ನನ್ ಮಗಳೇ. ಎಲ್ಲ ತಿಳೀತು ಸ್ವಾಮಿ."

ಓಬಳೇಶಪ್ಪನಿಗೆ ಹಿಗ್ಗೋ ಹಿಗ್ಗು. ಇದಪ್ಪಾ ನೋಟೀಸು ಅಂದರೆ!

"ಸಿ ಫಾರಂ ಎಲ್ಲೈತೆ?"

ಚಂದ್ರಕ್ಕ ತಲೆ ತಗ್ಗಿಸಿದಳು. "ಕಾಟಪ್ಪ ನಮ್ ಬೀಗರು. ಇವಳನ್ನ ಅವರ ಮಗನಿಗೇ ಕೊಟ್ಟಿದ್ದು. ಹೊಡೆತ ತಡೀಲಾರದೆ ಓಡಿಬಂದವಳೆ. ಸೊಸೇನ ಕಳಿಸಿದ್ರೇ ಫಾರಂ ಕೊಡೋದು ಅಂತಾರೆ. ಏನೋ ಹಾಳು ಕಾಗದ, ಇಟ್ಕಳ್ಲಿ ಅಂತ ಸುಮ್ಕಿದ್ದೆ. ಅದ್ರಲ್ಲಿ ನಮ್ ಮಿಲ್ಲೇ ಐತೆ ಅಂತ ಮೊನ್ನೆ ಗೊತ್ತಾತು."

ಓಬಳೇಶಪ್ಪನ ಹಿಗ್ಗು ಇಳಿದುಹೋಯಿತು. ಎದ್ದು ಸಾಹೇಬರ ಕೋಣೆಗೆ ಓಡಿದ, ಇನ್ನೊಂದಿಷ್ಟು ದಿನ ಕೊಡಿ ಅಂತ ಬೇಡಿಕೊಂಡ.

"ಕೊಟ್ಟು ಏನ್ ಮಾಡ್ತೀಯಪ್ಪ? ಕೊಂಡವನು ಕೊಡಲ್ಲ ಅಂತಾನೆ. ಫಾರಂ ಇಲ್ದೆ ಕಡಿಮೆ ದರ ಹಾಕೋ ಅಧಿಕಾರ ನನಗೂ ಇಲ್ಲ. ಅಪೀಲಿಗೆ ಹೋದ್ರೂ ಅದನ್ನೇ ಕೇಳ್ತಾರೆ." ಸಾಹೇಬರೂ ಪಾಪ, ಮುಖ ಸಣ್ಣ ಮಾಡಿಕೊಂಡರು.

ಓಬಳೇಶಪ್ಪ ಹೊರಗೆ ಬಂದು, ಆಗಲ್ಲವಂತೆ ಅಂದ. ಬೆಂಚಿನ ಮೇಲೆ ನಿಂಗಕ್ಕ ನೋಟೀಸಿನ ಕೊನೇ ಸಾಲು ಓದುತ್ತಿದ್ದಳು.

"ಪೂರ್ತಿ ತೆರಿಗೆ ಕಟ್ಟಿದ್ರೆ ಮಿಲ್ಲು ಉಳಿತೈತಾ ಅವ್ವಾ?"

ಚಂದ್ರಕ್ಕ ಚೀಲದ ಬಾಯಿ ಕಟ್ಟತೊಡಗಿದಳು. ನಿಂಗಕ್ಕ ಕಾಗದ ಮಡಿಚಿ ಎದ್ದಳು.

"ಅಣ್ಣಾ, ರಾಯದುರ್ಗದ ಬಸ್ಸು ಎಷ್ಟೊತ್ತಿಗೆ?"

ಓಬಳೇಶಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ದಿನಾ ಆಫೀಸಿನ ಮುಂದೆಯೇ ಹೋಗುವ ಬಸ್ಸು. "ಗೊತ್ತಿಲ್ಲಮ್ಮ," ಅಂದ. ಬಾಗಿಲಲ್ಲಿ ನಿಂತಿದ್ದ ಜವಾನ ಪಾಪ ಏನೂ ಅರಿಯದವನು, ಹೇಳಿಬಿಟ್ಟ.

ಚಂದ್ರಕ್ಕ ಮಗಳ ಸೆರಗು ಹಿಡಿದಳು. ಹಿಡಿದವಳು ಎಳೆಯಲಿಲ್ಲ.