ಎಲೆಯ ಕೆಳಗಿನ ಚರ್ಮ

ಸತ್ತ ಮಗಳ ಫೋಟೊಗೆ ಕಟ್ಟು ಹಾಕಿಸಲು ಸ್ಟುಡಿಯೊಗೆ ಬಂದ ಅಪ್ಪ ಒಂದೇ ಪಟ್ಟು ಹಿಡಿದ: "ತೋಳಿನ ಮೇಲಿರೋ ಆ ಹಚ್ಚೆ ಅಳಿಸಮ್ಮ. ಅದನ್ನ ಹಾಕಿಸ್ಕೊಂಡು ಬಂದಾಗಿಂದ ನಾನು ಅವಳ ಹತ್ರ ಮಾತೇ ಆಡ್ಲಿಲ್ಲ."

ಸ್ಟುಡಿಯೊದಲ್ಲಿ ಫೋಟೊ ತಿದ್ದುವ ಅಕ್ಕನಿಗೆ ಮೈಯೆಲ್ಲ ಉರಿಯಿತು. ಹೋದವಳ ಮೇಲೂ ಹಗೆಯೇ! ಆದರೂ ಕಂಪ್ಯೂಟರಿನಲ್ಲಿ ತೋಳನ್ನು ದೊಡ್ಡದು ಮಾಡಿದಳು. ಪಕ್ಕದ ಚರ್ಮವನ್ನೇ ಚೂರುಚೂರಾಗಿ ನಕಲೆತ್ತಿ, ತೋಳಿನ ದುಂಡುತನಕ್ಕೆ ತಕ್ಕಂತೆ ತಿರುಗಿಸಿ, ನೆರಳಿಗೆ ನೆರಳು, ರೋಮಕ್ಕೆ ರೋಮ ಕೂಡಿಸುತ್ತ ಹೋದಳು. ಹಚ್ಚೆಯ ಬಳ್ಳಿ ಮಾಯವಾಗುತ್ತ ಬಂತು. ಕೊನೆಯ ದೊಡ್ಡ ಎಲೆಯ ಹತ್ತಿರ ಮಾತ್ರ ಅವಳ ಕೈ ನಿಂತಿತು. ಶಾಯಿಯ ಅಡಿಯಲ್ಲಿ ರೋಮವಿಲ್ಲ, ಗೆರೆಯಿಲ್ಲ. ಚರ್ಮ ಎಳೆದು ಕಟ್ಟಿದಂತೆ ನುಣ್ಣಗೆ ಮಿನುಗುತ್ತಿತ್ತು.

"ಇಲ್ಲಿ ಸುಟ್ಟ ಕಲೆ ಇದೆಯಲ್ಲ ಯಜಮಾನ್ರೇ. ಅದನ್ನೂ ಅಳಿಸ್ಲಾ?"

ಅಪ್ಪ ಕನ್ನಡಕ ಹಾಕಿಕೊಂಡು ಬಗ್ಗಿದ. ಆ ಹಚ್ಚೆಯನ್ನು ಅವನು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಇಸ್ತ್ರಿಪೆಟ್ಟಿಗೆ," ಎಂದ. "ಅವಳು ಚಿಕ್ಕೋಳಿದ್ದಾಗ ನನ್ನ ಕೈಯಿಂದಲೇ ಜಾರಿದ್ದು. ಆ ಕಲೆ ಕಣ್ಣಿಗೆ ಬಿದ್ದಾಗೆಲ್ಲ ಊಟ ಬಿಟ್ಟು ಎದ್ದೋಗ್ತಿದ್ದೆ."

ಅಕ್ಕ ಮೌಸ್ ಬಿಟ್ಟಳು.

"ಬಳ್ಳಿ ವಾಪಸ್ ತಾರಮ್ಮ. ಪೂರ್ತಿ ತಾ. ಅವತ್ತು ನಗ್ತಾ ಓಡಿ ಬಂದು ತೋಳು ಚಾಚಿದ್ಲು. 'ಅಪ್ಪಾ, ಇನ್ಮೇಲೆ ನಿಮಗೆ ಕಾಣಲ್ಲ' ಅಂದ್ಲು. ಏನು ಕಾಣಲ್ಲ ಅಂತ ಕೇಳೋ ಮೊದ್ಲೇ ಕೆನ್ನೆಗೆ ಬಾರಿಸ್ಬಿಟ್ಟೆ."