ಇಪ್ಪತ್ತೆರಡು ರೂಪಾಯಿ ಚಾನೆಲ್

ಮೊದಲ ಏಟು ಬಿದ್ದದ್ದು ಟಿ.ವಿ. ರಿಮೋಟಿನಿಂದ. ಭೀಮೇಶ ತಲೆ ಎತ್ತುವಷ್ಟರಲ್ಲಿ ಅದರ ಮೂಲೆ ಅವನ ಮೂಗಿನ ಎಲುಬಿಗೆ ಬಡಿಯಿತು. ಕಣ್ಣಿನ ಮುಂದೆ ಬೆಂಕಿಯ ಕಿಡಿ ಹಾರಿದಂತಾಗಿ, ಗಲ್ಲಾಪೆಟ್ಟಿಗೆಯ ಮೇಲಿದ್ದ ಲೆಕ್ಕದ ಪುಸ್ತಕದ ಮೇಲೆ ರಕ್ತ ತೊಟ್ಟಿಕ್ಕಿತು. ಎದುರಿಗೆ ಗುರುಬಸವ ನಿಂತಿದ್ದ. ಪಾಮನಕಲ್ಲೂರಿನಲ್ಲಿ ಮೂವತ್ತು ಎಕರೆ ಹೊಲದ ಮನೆತನದ ಕಿರಿ ಮಗ. ಉಸಿರಿನಲ್ಲಿ ಸಾರಾಯಿ ವಾಸನೆ ಇತ್ತು.

"ನಮ್ಮ ಮನಿ ಟಿ.ವಿ. ಬಂದ್ ಮಾಡೂವಷ್ಟು ದೊಡ್ಡಾಂವ ಆಗಿಯೇನಲೇ ನೀ?"

ಸಂಜೆ ಇನ್ನೂ ಏಳು ಗಂಟೆ ಆಗಿರಲಿಲ್ಲ. ಬಸ್ ಸ್ಟ್ಯಾಂಡಿನ ಚಹಾದಂಗಡಿ ಮುಂದೆ ಜನ ಇದ್ದರು. ಯಾರೂ ಹತ್ತಿರ ಬರಲಿಲ್ಲ. ಬುದ್ಧನ ಫೋಟೋ ಇದ್ದ ಭೀಮೇಶನ ಸಣ್ಣ ಡಿಶ್ ರಿಚಾರ್ಜ್ ಅಂಗಡಿಗೆ ಗಿರಾಕಿಗಳಾಗಿ ಬರುತ್ತಿದ್ದವರೇ ಅವರೆಲ್ಲ. ಈಗ ಚಹಾದ ಕಪ್ಪು-ಬಸಿಗಳಲ್ಲಿ ಮುಖ ಹುಗಿದರು.

ಏನಾಗಿದೆ ಎಂದು ಭೀಮೇಶನಿಗೆ ಕೂಡಲೇ ತಿಳಿಯಿತು. ಅಂದು ಮುಂಜಾನೆ ಗುರುಬಸವನ ವೈನಿ, ಅವನ ಅಣ್ಣನ ಹೆಂಡತಿ ರಾಜಶ್ರೀ, ಅಂಗಡಿಗೆ ಬಂದಿದ್ದಳು. ಊರ ಗ್ರಂಥಾಲಯ ನೋಡಿಕೊಳ್ಳುವ ಕೆಲಸ ಅವಳದು. ಮನೆಯ ಡಿಶ್ ಅವಳ ಹೆಸರಿನಲ್ಲಿತ್ತು. ತಿಂಗಳಾ ತಿಂಗಳಾ ಅವಳ ಪಗಾರದಿಂದಲೇ ರಿಚಾರ್ಜ್ ಆಗುತ್ತಿತ್ತು.

"ಭೀಮೇಶ, ನಾಕ್ನೂರಾ ಎಂಬತ್ತು ಹೋಗಾಕತ್ತಾವ. ನಾವು ನೋಡೂದು ನಾಕು ಚಾನೆಲ್. ಉಳಿದವು ಯಾಕ ಬರ್ತಾವ?" ಎಂದು ಕೇಳಿದ್ದಳು.

ಭೀಮೇಶ ಮೊಬೈಲಿನಲ್ಲಿ ಅವಳ ಪ್ಯಾಕ್ ತೆಗೆದು ತೋರಿಸಿದ. "ನೋಡ್ರಿ ಅಕ್ಕಾರ. ಮೊದಲು ಡಿಶ್ ಕೂಡಿಸಿದಾಂವ ತಾನ ಒಂದು ದೊಡ್ಡ ಪ್ಯಾಕ್ ಹಾಕ್ಯಾನ. ಇದರಾಗ ತೆಲುಗು ಚಾನೆಲ್ಲೇ ಒಂದು ಹಿಂಡು ಅದಾವ. ಇಂಗ್ಲಿಷು ಅದಾವ. ಇಲ್ಲಿ ನೋಡ್ರಿ, ಒಂದ ಚಾನೆಲ್ ಎಚ್.ಡಿ.ನೂ ಐತಿ, ಸಾದಾನೂ ಐತಿ. ಎರಡಕ್ಕೂ ರೊಕ್ಕ ಕೊಡಾಕತ್ತೀರಿ."

"ರೇಟು ಯಾರು ಹಚ್ಚತಾರ? ನೀವ?"

"ನಾವಲ್ರಿ. ಪ್ರತಿ ಪೇ ಚಾನೆಲ್ಲಿಗೂ ಬಿಸ್ಕಿಟ್ ಪಾಕೀಟಿನ ಮ್ಯಾಲೆ ಇರತದಲ್ಲ, ಹಂಗ ತಿಂಗಳಿಗಿಷ್ಟು ಅಂತ ಬೆಲಿ ಇರತದ. ಅದನ್ನ ಚಾನೆಲ್ಲಿನವರ ಇಡತಾರ. ಬಿಡಿಯಾಗಿ ಒಂದ ತಗೋಬೇಕಂದ್ರೂ ಅವರು ಕೊಡಲೇಬೇಕು. ಅದರ ಮ್ಯಾಲೆ ಡಿಶ್ ಕಂಪನಿದು ಬ್ಯಾರೆ ಫೀ. ನಮ್ಮ ಕಂಪನಿದು ನೂರಾ ಮೂವತ್ತು. ಫುಕಟ್ ಚಾನೆಲ್ ಅಷ್ಟ ನೋಡಿದ್ರೂ ಅದನ್ನ ಕೊಡಬೇಕು. ಎಲ್ಲಾ ಕೂಡಿಸಿದ ಮ್ಯಾಲೆ ನೂರಕ್ಕ ಹದಿನೆಂಟು ಜಿ.ಎಸ್.ಟಿ."

ರಾಜಶ್ರೀ ಆರಿಸಿದಳು. ಅತ್ತೆ ಶೇಖರಮ್ಮನ ಧಾರಾವಾಹಿಗೆ ಹತ್ತೊಂಬತ್ತು ರೂಪಾಯಿಯ ಎರಡು ಚಾನೆಲ್, ಹತ್ತರದು ಒಂದು ಸಿನಿಮಾ ಚಾನೆಲ್, ಮಗಳಿಗೆ ಆರು ರೂಪಾಯಿಯ ಕಾರ್ಟೂನು. ನ್ಯೂಸ್ ಚಾನೆಲ್‌ಗಳಲ್ಲಿ ಅವಳಿಗೆ ಬೇಕಾದವು ಫುಕಟ್ ಪಟ್ಟಿಯಲ್ಲೇ ಇದ್ದವು. ಒಟ್ಟು ಇನ್ನೂರಾ ಹದಿನೇಳು.

"ಸ್ಪೋರ್ಟ್ಸ್ ಬೇಡೇನ್ರಿ? ಅದೂ ಹತ್ತೊಂಬತ್ತು. ಟ್ಯಾಕ್ಸ್ ಸೇರಿ ಇಪ್ಪತ್ತೆರಡರ ಮ್ಯಾಲೆ ಚೂರು. ಒಂದ ಕಂಪನಿವು ಇಂಥವು ಮೂರು ನಾಕು ಚಾನೆಲ್ ಬೇಕಂದ್ರ ಅವರ ಪ್ಯಾಕ್ ತಗೊಂಡ್ರ ಸೋವಿ ಬೀಳತದ. ಒಂದೆರಡಕ್ಕ ಬಿಡಿನೇ ಚಲೋ."

"ನಮ್ಮ ಮೈದುನ ಮೊಬೈಲಿನಾಗ ನೋಡ್ತಾನ. ಬ್ಯಾಡ, ತಗಿ."

ಅವಳ ಮೊಬೈಲಿಗೆ ಬಂದ ಒ.ಟಿ.ಪಿ. ಹೇಳಿದಳು. ಐದು ನಿಮಿಷದಲ್ಲಿ ಪ್ಯಾಕ್ ಬದಲಾಯಿತು. ಇಷ್ಟೇ ನಡೆದದ್ದು.

ಸಂಜೆ ಗುರುಬಸವ ನಾಲ್ವರು ಗೆಳೆಯರನ್ನು ಕರೆದು, ಮ್ಯಾಚಿನ ಮೇಲೆ ಬಾಜಿ ಕಟ್ಟಿ, ಪಡಸಾಲೆಯಲ್ಲಿ ಟಿ.ವಿ. ಹಚ್ಚಿದ. ಪರದೆಯ ಮೇಲೆ ಆಟಗಾರರ ಬದಲು ಒಂದು ಸಾಲು ಬಂತು. ಈ ಚಾನೆಲ್ ನಿಮ್ಮ ಪ್ಯಾಕಿನಲ್ಲಿಲ್ಲ. ಗೆಳೆಯರು ನಕ್ಕರು. "ನಿಮ್ಮ ಮನ್ಯಾಗ ವೈನಿ ಹುಕುಂ ನಡೀತದೇನಪಾ?" ಎಂದು ಒಬ್ಬ ಅಂದ. ಆ ನಗೆ ಗುರುಬಸವನ ಕಿವಿಯಲ್ಲಿ ಕಾದ ಎಣ್ಣೆಯಂತೆ ಇಳಿದಿತ್ತು.

"ಹಾಕಲೇ ಚಾನೆಲ್," ಎಂದು ಅವನು ಈಗ ಅಂಗಡಿಯಲ್ಲಿ ಭೀಮೇಶನ ಅಂಗಿ ಹಿಡಿದ.

"ಹಾಕ್ತೀನ್ರಿ ಅಣ್ಣಾರ. ಒಂದು ಮಿನಿಟಿನ ಕೆಲಸ. ಆದ್ರ ಒ.ಟಿ.ಪಿ. ಅಕ್ಕಾರ ಫೋನಿಗೆ ಹೋಗತದ. ಅದಿಲ್ಲದ ನನ್ನ ಕೈಯಾಗ ಏನೂ ಇಲ್ರಿ. ನೀವ ಅವರಿಗೆ ಫೋನ್ ಹಚ್ಚಿ ಕೇಳ್ರಿ."

"ನಾ ಹೆಂಗಸಿಗೆ ಕೇಳಬೇಕಾ? ನಿನ್ನಂಥ ಕೇರಿಯವ ನನಗ ದಾರಿ ತೋರಸ್ತಿ?"

ಎರಡನೆಯ ಏಟು ಕಿವಿಗೆ ಬಿತ್ತು. ಮೂರನೆಯದಕ್ಕೆ ಭೀಮೇಶ ಕೆಳಗೆ ಬಿದ್ದ. ಗುರುಬಸವ ಅವನನ್ನು ಎಬ್ಬಿಸಿ, ಬೈಕಿನ ಹಿಂದೆ ಕೂಡಿಸಿ, ಅವನ ಕುತ್ತಿಗೆಗೆ ಸುತ್ತಿದ ವಸ್ತ್ರದ ತುದಿಯನ್ನು ತನ್ನ ಮುಂಗೈಗೆ ಬಿಗಿದುಕೊಂಡು ಮನೆಗೆ ಒಯ್ದ. ದಾರಿಯುದ್ದಕ್ಕೂ ಭೀಮೇಶ ಬಾಯಿಂದ ಉಸಿರಾಡಿದ. ಮನೆ ಬಂದ ಮೇಲೆ ಅಕ್ಕ ಒ.ಟಿ.ಪಿ. ನಂಬರ್ ಹೇಳಿದರೆ ಎಲ್ಲ ಮುಗಿದುಹೋಗುತ್ತದೆ ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡ.

ಪಡಸಾಲೆಯಲ್ಲಿ ಗೆಳೆಯರು ಒಬ್ಬನ ಮೊಬೈಲಿಗೆ ಮುತ್ತಿಕೊಂಡು ಮ್ಯಾಚ್ ನೋಡುತ್ತಿದ್ದರು. ರಾಜಶ್ರೀ ಅಡುಗೆಮನೆಯಿಂದ ಹೊರಗೆ ಬಂದಳು. ಅವಳ ಗಂಡ ಅನಿಲಕುಮಾರ ಸಿಂಧನೂರಿನ ರೈಸ್ ಮಿಲ್ಲಿನಿಂದ ಇನ್ನೂ ಬಂದಿರಲಿಲ್ಲ. ಭೀಮೇಶನ ಮುಖದ ಮೇಲಿನ ರಕ್ತ ನೋಡಿ ಅವಳು ನಿಂತಲ್ಲೇ ನಿಂತಳು.

"ನಂಬರ್ ಹೇಳ ವೈನಿ. ಇಂವ ಚಾನೆಲ್ ಹಾಕ್ತಾನ."

"ಇವನಿಗ್ಯಾಕ ಹೊಡದಿ?"

"ನಂಬರ್ ಹೇಳಂದೆ."

"ಮುಂಜಾನಿ ಕೇಳಿದ್ರ ನಾನ ಹಾಕಸತಿದ್ದೆ," ಎಂದಳು ರಾಜಶ್ರೀ. ಫೋನನ್ನು ಮುಷ್ಟಿಯಲ್ಲಿ ಬಿಗಿ ಹಿಡಿದಳು. "ಈಗ ಹೇಳಂಗಿಲ್ಲ. ರೊಕ್ಕ ನಂದು, ಫೋನ್ ನಂದು. ಒಬ್ಬರ ರಕ್ತ ತಗದು ಬಂದು ನನಗ ನಂಬರ್ ಕೇಳ್ತಿಯಾ?"

ಭೀಮೇಶ ಕೈ ಜೋಡಿಸಿದ. "ಅಕ್ಕಾರ, ಹೇಳಿಬಿಡ್ರಿ. ನನಗೇನೂ ಆಗಿಲ್ಲ."

ಆದರೆ ಅಷ್ಟರಲ್ಲಿ ಗುರುಬಸವ ಅವಳ ತುರುಬಿಗೆ ಕೈ ಹಾಕಿದ್ದ. ಒಂದು ಜಗ್ಗಿಗೆ ಅವಳ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಇನ್ನೊಂದು ಸಲ ಬಡಿಯಿತು. ಫೋನ್ ಅವಳ ಮುಷ್ಟಿಯಲ್ಲೇ ಇತ್ತು. ಅವನು ಬೆರಳು ಒಂದೊಂದಾಗಿ ಹಿಂದಕ್ಕೆ ಮುರಿಯತೊಡಗಿದ. ಕಿರುಬೆರಳು ಲಟಕ್ ಎಂದ ಸಪ್ಪಳ ಭೀಮೇಶನಿಗೂ ಕೇಳಿತು.

ದೇವರ ಕೋಣೆಯಿಂದ ಶೇಖರಮ್ಮ ಓಡಿ ಬಂದಳು. ಹಣೆ ತುಂಬ ವಿಭೂತಿ, ಕೈಯಲ್ಲಿ ಇನ್ನೂ ಊದಿನಕಡ್ಡಿ. "ಬಿಡೋ ಬಾಡ್ಯಾ! ಸೊಸಿ ಅದಾಳ, ದನ ಅಲ್ಲ!" ಎಂದು ಮಗನ ತೋಳಿಗೆ ಜೋತುಬಿದ್ದಳು. ಗುರುಬಸವ ಅವಳನ್ನು ಕೊಡವಿಕೊಂಡ. ಸಿಟ್ಟಿನಲ್ಲಿ ಟಿ.ವಿ. ಕೆಳಗಿದ್ದ ಡಿಶ್ ಬಾಕ್ಸನ್ನು ವೈರು ಸಮೇತ ಕಿತ್ತು ಬೀಸಿ ಒಗೆದ. ರಾಜಶ್ರೀಗೆಂದು ಒಗೆದದ್ದು. ನಡುವೆ ಮುದುಕಿ ಬಂದಳು. ಬಾಕ್ಸಿನ ಅಂಚು ಅವಳ ಎಡಗಣ್ಣಿಗೆ ಬಿತ್ತು.

ಅವಳು ಅಂಗೈಯಿಂದ ಕಣ್ಣು ಮುಚ್ಚಿಕೊಂಡು ಕುಳಿತಳು. ಬೆರಳ ಸಂದಿಯಿಂದ ರಕ್ತ ಇಳಿದು ವಿಭೂತಿಯನ್ನು ಕೆಸರು ಮಾಡಿತು.

ಗೆಳೆಯರು ಎದ್ದು ನಿಂತರು. ಗುರುಬಸವ ತಾಯಿಯತ್ತ ನೋಡಿದ. ಒಂದು ಗಳಿಗೆ ಅವನ ಮುಖ ಸಣ್ಣ ಹುಡುಗನದಾಯಿತು. ಆಮೇಲೆ ಅದೇ ಮುಖ ಮತ್ತೆ ಗಟ್ಟಿಯಾಯಿತು. "ಇದೆಲ್ಲ ಇವಳಿಂದ ಆತು," ಎಂದವನೇ ಗೋಡೆಗೆ ಸಿಕ್ಕಿಸಿದ್ದ ಕುಡಗೋಲು ತೆಗೆದ.

ಭೀಮೇಶನಿಗೆ ಆಗ ಇಪ್ಪತ್ತೆಂಟು ವರ್ಷ. ಅಷ್ಟು ವರ್ಷದಲ್ಲಿ ಆ ಓಣಿಯ ಯಾರ ಮೈಗೂ ಅವನ ಕೈ ತಾಗಿರಲಿಲ್ಲ. ಇಂಥ ಮನೆಗಳಲ್ಲಿ ಮಾಳಿಗೆ ಹತ್ತಿ ಡಿಶ್ ತಿರುಗಿಸುವಾಗಲೂ ಹೊರಗಿನ ಮೆಟ್ಟಿಲಿಂದಲೇ ಹತ್ತುತ್ತಿದ್ದ. ಈಗ ಪ್ಯಾಂಟಿನ ಜೇಬಿನಲ್ಲಿದ್ದ ಪಾನಾ ಅವನ ಕೈಗೆ ಬಂದಿತ್ತು. ಡಿಶ್ಶಿನ ನಟ್ಟು ಬಿಗಿಯುವ ಕಬ್ಬಿಣದ ಪಾನಾ. ಕುಡಗೋಲು ಮೇಲೆ ಎದ್ದಾಗ ಅವನು ಹಲ್ಲು ಕಚ್ಚಿ ಬೀಸಿದ. ಗುರುಬಸವನ ಮುಂಗೈ ಮುರಿಯಿತು. ಕುಡಗೋಲು ಕೆಳಗೆ ಬಿತ್ತು. ಗುರುಬಸವ ಅಂಬಾ ಎಂದು ದನದಂತೆ ಒದರಿದ. ಭೀಮೇಶ ಇನ್ನೊಮ್ಮೆ ಹೊಡೆದ. ಅದು ಬೇಕಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಆದರೂ ಹೊಡೆದ.

ಆಮೇಲೆ ನಾಲ್ವರೂ ಅವನ ಮೇಲೆ ಬಿದ್ದರು. ಒದೆತಗಳು ಪಕ್ಕೆಗೆ, ಬೆನ್ನಿಗೆ, ಬಾಯಿಗೆ ಬಿದ್ದವು. ನೆಲದ ಮೇಲೆ ಬಿದ್ದಿದ್ದ ಒಂದು ಮೊಬೈಲಿನಿಂದ ಮ್ಯಾಚಿನ ಕೇಕೆ ಬರುತ್ತಲೇ ಇತ್ತು. ಕಡೆಗೆ ರಾಜಶ್ರೀ ಮುರಿದ ಬೆರಳಿನ ಕೈಯಲ್ಲಿ ಕುಡಗೋಲು ಹಿಡಿದು ಅವರ ನಡುವೆ ಬಂದು ನಿಂತು ಚೀರಿದ್ದು ಅವನಿಗೆ ಕೇಳಿತು. ಮುಂದಿನದು ಕೇಳಲಿಲ್ಲ.

ಎಚ್ಚರವಾದಾಗ ಸಿಂಧನೂರಿನ ಸರಕಾರಿ ದವಾಖಾನೆಯಲ್ಲಿದ್ದ. ಮೂರು ಪಕ್ಕೆಲುಬು ಮುರಿದಿದ್ದವು. ಮುಂದಿನ ಎರಡು ಹಲ್ಲು ಹೋಗಿದ್ದವು. ಹೆಂಡತಿ ದೀಪಾ ಹಾಸಿಗೆಯ ಪಕ್ಕದಲ್ಲಿ ಕುಳಿತು, "ಊರಿನ ಹಿರೇರು ಬಂದಾರ," ಎಂದು ಪಿಸುಗುಟ್ಟಿದಳು.

ಹಿರಿಯ ಶಿವಶರಣಪ್ಪ ಮೂವರನ್ನು ಕಟ್ಟಿಕೊಂಡು ಬಂದಿದ್ದ. ಮಾತು ಬೆಲ್ಲದಂತಿತ್ತು. "ನೋಡ ಭೀಮೇಶ, ನೀ ಜಾತಿ ಕೇಸ್ ಹಾಕಿದ್ರ ಅವರೂ ಕೈ ಮುರಿದ ಕೇಸ್ ಹಾಕ್ತಾರ. ಇಬ್ಬರೂ ಲಿಂಗಸುಗೂರು ಕೋರ್ಟಿಗೆ ಹತ್ತು ವರ್ಷ ಅಡ್ಡಾಡತೀರಿ. ನಿನ್ನ ಅಂಗಡಿ ನಡೀಬೇಕಲ್ಲ? ಮುದುಕಿ ಜಾರಿ ಬಿದ್ದಾಳ ಅಂತ ಹೇಳೂಣು. ಉಳಿದದ್ದು ಊರಾಗ ಮುಗಸೂಣು."

ಬಾಗಿಲ ಹತ್ತಿರ ಅನಿಲಕುಮಾರ ತಲೆ ತಗ್ಗಿಸಿ ನಿಂತಿದ್ದ. "ತಮ್ಮ ಅದಾನ," ಎಂದ ಹೆಂಡತಿಗೆ. ಕೇಳಿಸದಷ್ಟು ಸಣ್ಣ ದನಿಯಲ್ಲಿ.

ರಾಜಶ್ರೀಯ ಹಣೆಗೆ ಪಟ್ಟಿ, ಕೈಗೆ ಕಟ್ಟು ಹಾಕಿತ್ತು. ಅವಳು ಗಂಡನನ್ನು ದಾಟಿ ಬಂದು, ಹೇಳಿಕೆ ಬರೆದುಕೊಳ್ಳಲು ಬಂದಿದ್ದ ಹವಾಲ್ದಾರ ಶಾವಲಿಯ ಮುಂದೆ ಕುಳಿತು, ಭೀಮೇಶನನ್ನು ಎಳೆತಂದಲ್ಲಿಂದ ಕುಡಗೋಲಿನವರೆಗೆ ಎಲ್ಲ ಹೇಳಿದಳು. ಭೀಮೇಶ ಎರಡನೆಯ ಸಲ ಹೊಡೆದದ್ದನ್ನೂ ಮುಚ್ಚಿಡಲಿಲ್ಲ.

ಶಾವಲಿ ಪೆನ್ನು ನಿಲ್ಲಿಸಿದ. "ಇಷ್ಟೆಲ್ಲ ಇಪ್ಪತ್ತೆರಡು ರೂಪಾಯಿ ಚಾನೆಲ್ಲಿಗೇನಮ್ಮಾ?"

"ಅದನ್ನ ಅವನಿಗೆ ಕೇಳ್ರಿ," ಎಂದಳು.

ಒಬ್ಬಳ ಮಾತಿಗೆ ಊರು ಸೋಲುವುದಿಲ್ಲ ಎಂದು ಶಿವಶರಣಪ್ಪನಿಗೆ ಗೊತ್ತಿತ್ತು. ಅವನು ಪಕ್ಕದ ವಾರ್ಡಿನಲ್ಲಿದ್ದ ಶೇಖರಮ್ಮನ ಕಡೆ ನಡೆದ. ತಾಯಿ ಮಗನನ್ನು ಜೈಲಿಗೆ ಕಳಿಸುವಳೇ? ಭೀಮೇಶನೂ ಆಸೆ ಬಿಟ್ಟ. ಅರ್ಧ ತಾಸು ಯಾರೂ ಹೊರಗೆ ಬರಲಿಲ್ಲ. ಆಮೇಲೆ ಒಂದು ಕೈ ಗೋಡೆಗೆ ಊರಿ, ಒಂದು ಕಣ್ಣಿಗೆ ದಪ್ಪ ಹತ್ತಿ ಕಟ್ಟಿಕೊಂಡು ಶೇಖರಮ್ಮನೇ ನಡೆದು ಬಂದಳು. ಆ ಕಣ್ಣಿಗೆ ಇನ್ನು ದೃಷ್ಟಿ ಬರುವುದಿಲ್ಲ ಎಂದು ಡಾಕ್ಟರ್ ಆಗಲೇ ಹೇಳಿದ್ದರು.

ಭೀಮೇಶನ ಮಂಚದ ಹತ್ತಿರ ನಿಂತಳು. ಅವನು ಏಳಲು ಹೋದ, ಪಕ್ಕೆ ಬಿಡಲಿಲ್ಲ.

"ಮಲಕೋ," ಎಂದಳು. ಆಮೇಲೆ ಹವಾಲ್ದಾರನಿಗೆ, "ಬರಕೋರಿ. ನನ್ನ ಮಗ ನನಗ ಹೊಡದಾನ. ಸೊಸಿನ್ನ ಕಡಿಯಾಕ ಬಂದಿದ್ದ. ಈ ಹುಡುಗ ನಡುವ ಬರಲಿಲ್ಲಂದ್ರ ಮನ್ಯಾಗ ಹೆಣ ಬೀಳತಿತ್ತು. ನಾ ಜಾರಿ ಬಿದ್ದಿಲ್ಲ," ಎಂದಳು.

ಅವಳು ಹೆಬ್ಬೆಟ್ಟು ಒತ್ತಿದಳು. ಶಾಯಿ ಹರಡಿ ಗುರುತು ಕಲಸಿಹೋಯಿತು. ಶಾವಲಿ ಇನ್ನೊಮ್ಮೆ ಒತ್ತಲು ಹೇಳಿದ. ಎರಡನೆಯ ಸಲ ಅವಳು ಗಟ್ಟಿಯಾಗಿ ಒತ್ತಿ, ಬೆರಳು ಎತ್ತದೆ ಹಾಗೇ ಬಾಗಿ ಅತ್ತಳು. ಉಳಿದ ಒಂದೇ ಕಣ್ಣಿನಿಂದ ನೀರು ಕಾಗದದ ಮೇಲೆ ಬಿತ್ತು.

ಗುರುಬಸವನಿಗೆ ಮೂರು ತಿಂಗಳು ಜಾಮೀನು ಸಿಗಲಿಲ್ಲ. ಭೀಮೇಶನ ಮೇಲೂ ಕೇಸ್ ದಾಖಲಾಯಿತು. ಅವನು ತಿಂಗಳಿಗೊಮ್ಮೆ ಲಿಂಗಸುಗೂರಿನ ಬಸ್ಸು ಹತ್ತುತ್ತಾನೆ. ಊರಿನ ಅರ್ಧ ಗಿರಾಕಿಗಳು ಬಿಟ್ಟುಹೋದ ಮೇಲೆ ಅವನು ಅಂಗಡಿಯನ್ನು ಮಸ್ಕಿಗೆ ಒಯ್ದ. ಕಿವಿ ಇನ್ನೂ ಗುಂಯ್‌ಗುಡುತ್ತದೆ. ಯಾರಾದರೂ ಗಲ್ಲಾಪೆಟ್ಟಿಗೆಯ ಮೇಲೆ ರಿಮೋಟು ಜೋರಾಗಿ ಇಟ್ಟರೆ ಅವನ ಭುಜ ತಾನಾಗಿ ಮುದುಡುತ್ತದೆ.